ಔಡಲೆಣ್ಣೆ ಬೇಡ, ಕೆಂಪು ಗುಳಿಗೆ ಬಿಡಬೇಡ

"ಅಕ್ಕಾ, ನನಗೆ 24 ವರ್ಷ. ಗಂಗಾವತಿ ಹತ್ತಿರದ ಹಳ್ಳಿ. ಮೊದಲನೇ ಬಸಿರು, ಈಗ ಆರು ತಿಂಗಳು. ಮೂರನೇ ತಿಂಗಳಿಂದಲೇ ಸಂಡಾಸ ಸರಿಯಾಗಿ ಆಗುತ್ತಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ಕಲ್ಲಿನಂತೆ. ಐದನೇ ತಿಂಗಳಲ್ಲಿ ರಕ್ತ 9.2 ಅಂತ ಬಂತು. ಕೆಂಪು ಗುಳಿಗೆ ದಿನಕ್ಕೆ ಎರಡು ಕೊಟ್ಟರು. ಬೆಳಿಗ್ಗೆ ಚಹಾ ಜೊತೆ ಎರಡೂ ಒಮ್ಮೆಗೇ ನುಂಗುತ್ತಿದ್ದೆ. ಸಂಡಾಸ ಕಪ್ಪಾಯ್ತು, ಇನ್ನೂ ಗಟ್ಟಿಯಾಯ್ತು. ನಮ್ಮ ಮನೆಯವರು 'ಗುಳಿಗೆ ಬಿಟ್ಟುಬಿಡು' ಅಂದರು. ಮೂರು ವಾರದಿಂದ ನುಂಗಿಲ್ಲ, ಆಶಾ ಅಕ್ಕನಿಗೆ ಖಾಲಿ ಪಟ್ಟಿ ತೋರಿಸುತ್ತೇನೆ. ಆದರೂ ತ್ರಾಸು ಹೋಗಿಲ್ಲ. ಇಸಬಗೋಲು ತಿಂದೆ, ಹೊಟ್ಟೆ ಮತ್ತಷ್ಟು ಬಿಗಿಯಿತು. ಸಂಡಾಸದ ಕೋಣೆ ಅಂಗಳದ ತುದಿಯಲ್ಲಿದೆ. ಬೆಳಿಗ್ಗೆ ಮಾವ ಕಟ್ಟೆ ಮೇಲೆ ಕೂತಿರುತ್ತಾರೆ, ಅವರು ಹೊಲಕ್ಕೆ ಹೋದ ಮೇಲೆ ಹೋಗುತ್ತೇನೆ. ಪದೇ ಪದೇ ಏಳಬಾರದು ಅಂತ ನೀರೂ ಕಡಿಮೆ ಕುಡಿಯುತ್ತೇನೆ. ಅದೇನೂ ದೊಡ್ಡದಲ್ಲ ಬಿಡಿ. ಅತ್ತೆ ಔಡಲೆಣ್ಣೆ ಕುಡಿ ಅನ್ನುತ್ತಾರೆ. ಕುಡಿಯಬಹುದಾ?"

ಕುಡಿಯಬೇಡ ತಂಗಿ. ಒಂದು ಚಮಚವೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀನು ಕೇಳಿದ್ದು ಎಣ್ಣೆಯ ವಿಷಯ. ನನಗೆ ಸಿಟ್ಟು ಬಂದದ್ದು "ಅದೇನೂ ದೊಡ್ಡದಲ್ಲ ಬಿಡಿ" ಅನ್ನುವ ಮಾತಿಗೆ. ನಿನ್ನ ಪತ್ರದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಬಸುರಿಯರ ಮಲಬದ್ಧತೆಗೆ ಔಷಧ ಬರೆಯುವ ಮೊದಲು, ಸಂಡಾಸದ ಕೋಣೆ ಎಲ್ಲಿದೆ, ಅದರ ಎದುರು ಯಾರು ಕೂತಿರುತ್ತಾರೆ ಅಂತ ಕೇಳಬೇಕು ಎಂದು ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ.

ಮೊದಲು ಸ್ವಲ್ಪ ಲೆಕ್ಕ ಹಾಕು. ತ್ರಾಸು ಶುರುವಾದದ್ದು ಮೂರನೇ ತಿಂಗಳಲ್ಲಿ, ಗುಳಿಗೆ ಕೈಗೆ ಬಂದದ್ದು ಐದನೇ ತಿಂಗಳಲ್ಲಿ. ಗುಳಿಗೆ ಬಿಟ್ಟು ಮೂರು ವಾರವಾದರೂ ತ್ರಾಸು ಹೋಗಿಲ್ಲ. ಹಾಗಾದರೆ ಇದೆಲ್ಲ ಗುಳಿಗೆಯೊಂದರ ತಪ್ಪು ಹೇಗಾಗುತ್ತದೆ? ಅದು ಆಮೇಲೆ ಬಂದು ಸೇರಿಕೊಂಡದ್ದು. ಮೊದಲು ಕರುಳನ್ನು ನಿಧಾನ ಮಾಡಿದ್ದು ನಿನ್ನ ಬಸಿರೇ.

ಬಸಿರು ನಿಂತಾಗಿನಿಂದ ಮೈಯಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಏರುತ್ತಾ ಹೋಗುತ್ತದೆ. ಗರ್ಭಕೋಶದ ಸ್ನಾಯು ಅವಧಿಗೆ ಮೊದಲೇ ಹಿಂಡಿಕೊಳ್ಳದಂತೆ ಅದನ್ನು ಸಡಿಲವಾಗಿ, ಸುಮ್ಮನೆ ಇಡುವುದು ಅದರ ಒಂದು ಮುಖ್ಯ ಕೆಲಸ. ಆದರೆ ಹಾರ್ಮೋನು ಗರ್ಭಕೋಶದಲ್ಲೇ ನಿಲ್ಲುವುದಿಲ್ಲ, ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಕರುಳಿನ ಗೋಡೆಯಲ್ಲೂ ಅದೇ ಜಾತಿಯ ಸ್ನಾಯು ಇದೆ. ಅದೂ ಸಡಿಲವಾಗುತ್ತದೆ. ತಿಂದದ್ದು ಮುಂದಕ್ಕೆ ಹೋಗಲು ಜಾಸ್ತಿ ಹೊತ್ತು ಬೇಕಾಗುತ್ತದೆ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಮಲ ಅಲ್ಲಿ ಜಾಸ್ತಿ ಹೊತ್ತು ನಿಂತರೆ ಜಾಸ್ತಿ ನೀರು ಹೀರಿಕೊಳ್ಳುತ್ತದೆ. ನಿನಗೆ ಎದೆಯುರಿಯೂ ಇದ್ದರೆ ಅದಕ್ಕೂ ಈ ಸಡಿಲವೇ ಒಂದು ಕಾರಣ. ಇದು ರೋಗವಲ್ಲ. ಆದರೆ ಇಷ್ಟು ನಿಧಾನವಾದ ಕರುಳಿಗೆ ನೀರನ್ನೂ ಕಡಿಮೆ ಮಾಡಿದರೆ ಏನಾಗಬೇಕೋ ಅದೇ ನಿನಗೆ ಆಗಿದೆ.

ಇನ್ನು ಕೆಂಪು ಗುಳಿಗೆ. ಸರ್ಕಾರದ ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಅಷ್ಟೂ ಕಬ್ಬಿಣ ರಕ್ತಕ್ಕೆ ಸೇರುವುದಿಲ್ಲ, ಸೇರುವುದು ಸಣ್ಣ ಪಾಲು ಮಾತ್ರ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಸಂಡಾಸ ಕಪ್ಪಾಗುವುದು ಅದರಿಂದ. ಆ ಬಣ್ಣಕ್ಕೆ ಹೆದರಬೇಕಾಗಿಲ್ಲ. ಹಲವರಿಗೆ ಅದರಿಂದಲೇ ಮಲ ಗಟ್ಟಿಯೂ ಆಗುತ್ತದೆ. ನೀನು ಚಹಾ ಜೊತೆ ನುಂಗಿದೆ, ಅಲ್ವಾ? ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಅಂದರೆ ರಕ್ತಕ್ಕೆ ಹೋಗಬೇಕಾದದ್ದೂ ಕರುಳಿನಲ್ಲೇ ಉಳಿಯಿತು. ತ್ರಾಸು ಪೂರ್ತಿ ನಿನ್ನದು, ಲಾಭ ಅರ್ಧವೂ ಇಲ್ಲ.

ಈಗ ಕಟ್ಟೆಯ ಮಾತು. ಬೆಳಿಗ್ಗೆ ಎದ್ದು ಬಿಸಿ ನೀರು ಕುಡಿದಾಗ, ಏನಾದರೂ ತಿಂದಾಗ, ದೊಡ್ಡ ಕರುಳು ತಾನಾಗಿಯೇ ಒಮ್ಮೆ ಜೋರಾಗಿ ತಳ್ಳುತ್ತದೆ. ಬಸಿರಲ್ಲಿ ನಿಧಾನವಾದ ಕರುಳಿಗೂ ದಿನದಲ್ಲಿ ಸಿಗುವ ಒಳ್ಳೆಯ ಹೊತ್ತು ಅದು. ಆ ಹೊತ್ತಿನಲ್ಲಿ ನೀನು ಮಾವ ಏಳಲಿ ಅಂತ ಕಾಯುತ್ತೀಯ. ತಡೆದರೆ ಆ ಕರೆ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಮಲ ಅಲ್ಲೇ ಉಳಿದು ಇನ್ನಷ್ಟು ಒಣಗುತ್ತದೆ. ದಿನಾ ಹೀಗೆ ಮಾಡಿದರೆ ಕರೆಯೇ ಮಂದವಾಗುತ್ತದೆ. ಮಾವ ಹೊಲಕ್ಕೆ ಹೋದ ಮೇಲೆ ನೀನು ಕೂತು ತಿಣುಕುವುದು, ಕರುಳು ಕೈಬಿಟ್ಟ ಕೆಲಸವನ್ನು.

ಮಾವನವರದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ಅತ್ತೆಯ ಮೇಲೂ ನನಗೆ ಸಿಟ್ಟಿಲ್ಲ, ನಿನ್ನ ಸಂಕಟ ಕಂಡು ತಮಗೆ ಗೊತ್ತಿದ್ದ ಮದ್ದು ಹೇಳಿದರು. ನನ್ನ ಸಿಟ್ಟೆಲ್ಲ ನಿನ್ನ ಗಂಡನ ಮೇಲೆ. ಗುಳಿಗೆ ಬಿಡು ಅನ್ನಲು ಆತನಿಗೆ ಬಾಯಿ ಬಂತು. "ಅಪ್ಪಾ, ಬೆಳಿಗ್ಗೆ ಚಹಾ ಹಿಂದಿನ ಪಡಸಾಲೆಯಲ್ಲಿ ಕುಡಿಯೋಣ ಬಾ" ಅನ್ನಲು ಬರಲಿಲ್ಲ. ಈ ಮಾತನ್ನು ಸೊಸೆ ಆಡಲು ಆಗುವುದಿಲ್ಲ, ನನಗೆ ಗೊತ್ತು. ಮಗ ಆಡಬಹುದು, ಕಾರಣವನ್ನೂ ಹೇಳಬೇಕಾಗಿಲ್ಲ. ಈ ಪತ್ರವನ್ನು ಆತನ ಕೈಗೇ ಕೊಡು.

ಇಸಬಗೋಲು ಯಾಕೆ ಕೈಕೊಟ್ಟಿತು ಅನ್ನುವುದೂ ಇಲ್ಲೇ ಸಿಗುತ್ತದೆ. ಅದು ಬಸುರಿಯರಿಗೆ ಮೊದಲು ಹೇಳುವ ಮದ್ದು. ರಕ್ತಕ್ಕೆ ಸೇರುವುದಿಲ್ಲ, ಹಾಗಾಗಿ ಕೂಸಿಗೂ ತಲುಪುವುದಿಲ್ಲ. ಅದು ಮಾಡುವುದು ಇಷ್ಟೇ: ನೀರು ಹೀರಿ ಉಬ್ಬಿ, ಮಲವನ್ನು ಮೆತ್ತಗೆ, ದಪ್ಪಗೆ ಮಾಡುತ್ತದೆ. ನೀರೇ ಇಲ್ಲದ ಕರುಳಿಗೆ ಅದನ್ನು ಹಾಕಿದರೆ ಒಳಗೆ ಅಂಟಿನ ಉಂಡೆಯಾಗಿ ಕೂರುತ್ತದೆ. ಸರಿಯಾದ ಕ್ರಮ ಹೀಗೆ. ಸಂಜೆ ಹೊತ್ತು, ದೊಡ್ಡ ಲೋಟ ತುಂಬ ನೀರಿಗೆ ಒಂದು ಚಹಾ ಚಮಚ ಹಾಕಿ, ಕಲಸಿದ ಕೂಡಲೇ ಕುಡಿ. ಹಿಂದೆಯೇ ಇನ್ನೊಂದು ಲೋಟ ನೀರು. ನಾಲ್ಕು ದಿನವಾದ ಮೇಲೆ ಬೇಕಾದರೆ ಎರಡು ಚಮಚ ಮಾಡು. ಒಂದೇ ರಾತ್ರಿಗೆ ಫಲ ಬರುವುದಿಲ್ಲ, ಎರಡು ಮೂರು ದಿನ ಬೇಕು. ಕೆಂಪು ಗುಳಿಗೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಕಬ್ಬಿಣವನ್ನೂ ಇದು ಹಿಡಿದುಕೊಳ್ಳುತ್ತದೆ. ನಮ್ಮ ಬಿಸಿಲಿನಲ್ಲಿ ದಿನಕ್ಕೆ ಮೂರು ಲೀಟರ್ ನೀರು ಜಾಸ್ತಿ ಏನಲ್ಲ. ಮೂತ್ರ ಕಡು ಹಳದಿ ಇದ್ದರೆ ನೀರು ಸಾಲಲಿಲ್ಲ ಅಂತ ತಿಳಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಗಾವತಿ ಕಡೆ ಸೋನಾ ಮಸೂರಿ ಅನ್ನ ಮೂರು ಹೊತ್ತೂ ನಡೆಯುತ್ತದೆ, ಆ ಬಿಳಿ ಅಕ್ಕಿಯಲ್ಲಿ ನಾರು ಕಡಿಮೆ. ಒಂದು ಹೊತ್ತಾದರೂ ಜೋಳದ ರೊಟ್ಟಿ, ಪುಂಡಿ ಪಲ್ಯ ಅಥವಾ ಮೆಂತ್ಯ ಪಲ್ಯ, ಕಾಳು, ಒಂದು ಪೇರಲ ಹಣ್ಣು ಇರಲಿ. ಅದಕ್ಕೂ ನೀರು ಬೇಕು.

ಇಷ್ಟು ಮಾಡಿ ಒಂದು ವಾರವಾದರೂ ಸಡಿಲವಾಗದಿದ್ದರೆ ಡಾಕ್ಟರ ಹತ್ತಿರ ಲ್ಯಾಕ್ಟುಲೋಸ್ ಸಿರಪ್ ಕೇಳು. ಅದು ಕರುಳು ಹೀರಿಕೊಳ್ಳಲಾಗದ ಒಂದು ಜಾತಿಯ ಸಕ್ಕರೆ. ತಾನಿದ್ದ ಕಡೆಗೆ ನೀರನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ರಾತ್ರಿ 15 ಮಿಲಿಲೀಟರಿನಿಂದ ಶುರುಮಾಡುತ್ತಾರೆ. ಒಂದೆರಡು ದಿನದಲ್ಲಿ ಕೆಲಸ ಮಾಡುತ್ತದೆ, ಹೊಟ್ಟೆಯಲ್ಲಿ ಗ್ಯಾಸು ಸ್ವಲ್ಪ ಜಾಸ್ತಿ. ಬಸಿರಲ್ಲಿ ಇದನ್ನು ಸುರಕ್ಷಿತ ಅಂತಲೇ ಎಣಿಸುತ್ತಾರೆ. ನೀರಿಗೆ ಬೆರೆಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯೂ ಹೀಗೆಯೇ ನೀರು ಹಿಡಿದಿಟ್ಟು ಕೆಲಸ ಮಾಡುತ್ತದೆ. ಕರುಳನ್ನು ಚುಚ್ಚಿ ಎಬ್ಬಿಸುವ ಬಿಸಾಕೋಡಿಲ್, ಸೋನಾಮುಖಿ ಇವೆಲ್ಲ ಆಮೇಲಿನ ಮಾತು. ಅದೂ ಡಾಕ್ಟರು ಹೇಳಿದರೆ, ಕೆಲವೇ ದಿನ. ಒಂದು ಎಚ್ಚರ: ಅಂಗಡಿಯಲ್ಲಿ ಸಿಗುವ ಹೊಟ್ಟೆ ಸಾಫು ಮಾಡುವ ಚೂರ್ಣಗಳಲ್ಲಿ ಸೋನಾಮುಖಿ ಇರುವುದು ಮಾಮೂಲು. ಗಿಡಮೂಲಿಕೆ ಅಂತ ಸುಮ್ನೆ ದಿನಾ ತಿನ್ನಬೇಡ, ಡಬ್ಬಿ ತಿರುಗಿಸಿ ಓದು.

ಔಡಲೆಣ್ಣೆ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಕರುಳನ್ನು ಹಿಂಡುವ ಅದರ ಅಂಶವೇ ಗರ್ಭಕೋಶವನ್ನೂ ಹಿಂಡುತ್ತದೆ. ದಿನ ತುಂಬಿದವರಿಗೆ ನೋವು ಬರಿಸಲು ಹಿಂದಿನವರು ಕೊಡುತ್ತಿದ್ದದ್ದು ಇದನ್ನೇ, ಅತ್ತೆಗೆ ಕೇಳಿದರೆ ಅವರೇ ಹೇಳುತ್ತಾರೆ. ಆರು ತಿಂಗಳಿಗೆ ಗರ್ಭಕೋಶ ಸುಮ್ಮನಿರಲಿ ಅಂತ ಪ್ರೊಜೆಸ್ಟರಾನ್ ಇಷ್ಟೆಲ್ಲ ಪಾಡು ಪಡುತ್ತಿರುವಾಗ, ಅದನ್ನು ಕೆಣಕುವ ಎಣ್ಣೆ ಯಾಕೆ? ಜೋರಾಗಿ ಭೇದಿಯಾದರೆ ಮೈಯ ನೀರೂ ಹೋಗುತ್ತದೆ.

ಈಗ ನೀನು ಮಾಡಬೇಕಾದದ್ದು. ಇವತ್ತು ರಾತ್ರಿಯಿಂದ ಕೆಂಪು ಗುಳಿಗೆ ಮತ್ತೆ ಶುರು ಮಾಡು. ಬಸುರಿಗೆ ರಕ್ತ 11ಕ್ಕಿಂತ ಕೆಳಗಿದ್ದರೇ ರಕ್ತಹೀನತೆ. ನಿನ್ನದು 9.2 ಇತ್ತು, ಮೂರು ವಾರ ಬಿಟ್ಟ ಮೇಲೆ ಈಗೆಷ್ಟಿದೆಯೋ. ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಬೇಕು. ಎರಡು ಗುಳಿಗೆಯನ್ನು ಒಮ್ಮೆಗೇ ನುಂಗಬೇಡ. ಮಧ್ಯಾಹ್ನ ಊಟವಾಗಿ ಒಂದು ಗಂಟೆ ಕಳೆದ ಮೇಲೆ ಒಂದು, ಮಲಗುವಾಗ ಒಂದು, ನಿಂಬೆ ನೀರಿನ ಜೊತೆ. ಚಹಾ ಅದರ ಹತ್ತಿರ ಸುಳಿಯಬಾರದು. ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರೆ ಅದು ಬೆಳಿಗ್ಗೆ ಮತ್ತು ರಾತ್ರಿ ಊಟದ ಜೊತೆ, ಕಬ್ಬಿಣಕ್ಕೂ ಅದಕ್ಕೂ ಎರಡು ಗಂಟೆ ದೂರ.

ತಿಣುಕಿ ಮೂಲವ್ಯಾಧಿಯಾಗಿ ಕೆಂಪು ರಕ್ತ ಕಂಡರೆ ಡಾಕ್ಟರಿಗೆ ತೋರಿಸು. ಸಂಡಾಸ ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೂ ತೋರಿಸು, ಅದು ಗುಳಿಗೆಯ ಕಪ್ಪಲ್ಲ. ಹೂಸೂ ಹೋಗದೆ ಹೊಟ್ಟೆ ಉಬ್ಬಿ ವಾಂತಿಯಾದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುತ್ತಿದ್ದರೆ, ಕೆಳಗೆ ರಕ್ತ ಅಥವಾ ನೀರು ಹೋದರೆ ಬೆಳಗಾಗುವ ತನಕ ಕಾಯಬೇಡ, 108ಕ್ಕೆ ಫೋನ್ ಮಾಡಿಸು.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಖು ಬಸುರಿಯರನ್ನು ಡಾಕ್ಟರು ನೋಡುತ್ತಾರೆ. ಈ ಸಲ ಹೋಗಿ ರಕ್ತ ಮತ್ತೆ ಪರೀಕ್ಷೆ ಮಾಡಿಸು. ಗುಳಿಗೆ ಮೈಗೆ ಒಗ್ಗುವುದೇ ಇಲ್ಲ ಅನ್ನಿಸಿದರೆ ಬೇರೆ ಜಾತಿಯ ಕಬ್ಬಿಣ ಇದೆ, ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ನೂ ಇದೆ. ಆದರೆ ಮೂರು ವಾರ ನುಂಗಿಲ್ಲ ಅನ್ನುವುದನ್ನು ಅವರಿಗೂ ಆಶಾ ಅಕ್ಕನಿಗೂ ಬಾಯಿಬಿಟ್ಟು ಹೇಳು. ಮುಚ್ಚಿಟ್ಟರೆ, ಗುಳಿಗೆ ನುಂಗಿಯೂ ರಕ್ತ ಏರಿಲ್ಲ ಅಂದುಕೊಂಡು ನಿನ್ನಲ್ಲಿ ಇಲ್ಲದ ಕಾಯಿಲೆಯನ್ನು ಹುಡುಕಲು ಹೊರಡುತ್ತಾರೆ.