ಕೊಂಡಿ ಬಿಚ್ಚಲು ಬರುವುದಿಲ್ಲ

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಬಂದ ಅಕ್ಕತಂಗಿಯರ ಕಥೆ ಓದಿದೆ. ತೀರಿಹೋದ ಅವ್ವನ ಟ್ರಂಕು ತೆಗೆದು ಸೀರೆ ಹಂಚಿಕೊಳ್ಳುವ ಭಾಗ ಮನಸ್ಸಿಗೆ ನಾಟಿತು. ಆದರೆ ಕೊನೆಯಲ್ಲಿ ಕರಿ ಇಳಕಲ್ ಸೀರೆಯ ಕೊಂಡಿ ಬಿಚ್ಚಿ, ಸೆರಗು ಅಕ್ಕನಿಗೆ, ಒಡಲು ತಂಗಿಗೆ ಎಂದು ಬರೆದಿದ್ದಾರೆ. ನಾನು ನೇಕಾರರ ಮನೆಯಲ್ಲಿ ಹುಟ್ಟಿದವಳು. ಕೊಂಡಿ ಬಿಚ್ಚಲು ಬರುವುದಿಲ್ಲ. ಇನ್ನೊಂದು ಮಾತು. ಅವ್ವ ಆ ಸೀರೆಗೆ ಕಸೂತಿ ಹಾಕಿದ್ದು ಅಕ್ಕನ ಮದುವೆಗೋ, ತಂಗಿಯ ಬಾಣಂತನದಲ್ಲೋ? ಇಬ್ಬರೂ ನನಗಾಗಿ ಎನ್ನುತ್ತಾರೆ. ಕಥೆ ಏನೂ ಹೇಳುವುದಿಲ್ಲ. ಇದು ಲೇಖಕಿಯ ಮರೆವೋ, ನಿಮ್ಮ ಮರೆವೋ?"
– ಇಳಕಲ್ಲಿನ ಓದುಗರೊಬ್ಬರು

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮಾ. ಮೊದಲನೆಯದು ನಮ್ಮ ತಪ್ಪು. ಹಸ್ತಪ್ರತಿಯಲ್ಲಿ ಆ ಸಾಲನ್ನು ನಾನು ನಾಲ್ಕು ಸಲ ಓದಿದ್ದೇನೆ. ಓದಿದಾಗಲೆಲ್ಲ ಎಷ್ಟು ಚೆಂದ ಅನ್ನಿಸಿತೇ ಹೊರತು, ಅದು ಆಗುವ ಕೆಲಸವೇ ಅಂತ ಕೇಳಿಕೊಳ್ಳಲಿಲ್ಲ.

ನಿಮ್ಮ ಪತ್ರ ಬಂದ ಮೇಲೆ ನನ್ನ ಅತ್ತೆಯ ಹಳೇ ಇಳಕಲ್ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಿಮಗೆ ಇದು ಹುಟ್ಟಿದಾಗಿನಿಂದ ಗೊತ್ತು. ಉಳಿದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರೆ ಎಷ್ಟೋ ಸೀರೆಗಳಲ್ಲಿ ಒಡಲಿನ ಉದ್ದೆಳೆಯೇ ಸೆರಗಿನವರೆಗೂ ಹರಿದುಬರುತ್ತದೆ. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರುತ್ತದೆ. ಒಡಲಿನ ಎಳೆ ಕುಣಿಕೆಯಾಗಿ ನಿಲ್ಲುತ್ತದೆ, ಸೆರಗಿನ ಎಳೆ ಅದರೊಳಗೆ ಕುಣಿಕೆಯಾಗಿ ಸಿಕ್ಕಿಕೊಳ್ಳುತ್ತದೆ. ಸರಪಳಿಯ ಎರಡು ಬಳೆ ಇದ್ದ ಹಾಗೆ. ಅದೇ ಕೊಂಡಿ. ಸೀರೆಯ ಅಗಲಕ್ಕೂ ಒಂದೊಂದೇ ಎಳೆಯನ್ನು ಕೈಯಿಂದಲೇ ಹೀಗೆ ಕೂಡಿಸಬೇಕು. ಆಮೇಲೆ ಅದರ ಮೇಲೆ ಹೊಕ್ಕು ಬಿದ್ದು ನೇಯ್ಗೆ ಮುಂದುವರಿಯುತ್ತದೆ. ಪ್ರತಿ ಸೀರೆಗೂ ಈ ಕೂಡಿಕೆ ಬೇರೆಯಾಗಿ ಆಗಬೇಕಾದ್ದರಿಂದ, ಒಂದೇ ಉದ್ದ ಹಾಸು ಹೂಡಿ ಸಾಲಾಗಿ ಸೀರೆ ನೇಯುತ್ತಾ ಹೋಗಲು ಬರುವುದಿಲ್ಲ.

ಹೀಗಿರುವಾಗ ಅಕ್ಕತಂಗಿಯರು ಏನನ್ನು ಬಿಚ್ಚಿಯಾರು? ಸೂಜಿಯಿಂದ ಹೊಕ್ಕನ್ನು ಒಂದೊಂದಾಗಿ ಎಳೆದು ತೆಗೆದರೂ ಕುಣಿಕೆಗಳು ಹಿಡಿದೇ ಇರುತ್ತವೆ. ಬಿಡಿಸಬೇಕಾದರೆ ಕತ್ತರಿಸಲೇಬೇಕು. ಕೂಡಿಕೆಯ ಮೇಲೇ ಕತ್ತರಿ ಇಟ್ಟರೆ ಎರಡೂ ಕಡೆ ಎಳೆ ಜಾರಿ, ಮಡಿಚಿ ಹೊಲಿಯಲೂ ಅಂಚು ಸಿಗುವುದಿಲ್ಲ. ಆದ್ದರಿಂದ ಒಡಲಿನ ಕಡೆಗೆ ಎರಡು ಬೆರಳಾದರೂ ಬಿಟ್ಟು ಕತ್ತರಿಸಬೇಕು.

ಇಲ್ಲಿಗೆ ಬಂದಾಗ ನನ್ನ ಕೈ ಸೀರೆಯ ಮೇಲೆಯೇ ನಿಂತುಬಿಟ್ಟಿತು. ಎರಡು ಬೆರಳು ಬಿಟ್ಟು ಕತ್ತರಿಸಿದರೆ, ಅಕ್ಕ ಒಯ್ಯುವ ಕೆಂಪು ಸೆರಗಿಗೆ ಕರಿ ಒಡಲಿನ ಪಟ್ಟಿಯೊಂದು ಅಂಟಿಕೊಂಡೇ ಹೋಗುತ್ತದೆ. ಅಷ್ಟೇ ಅಲ್ಲ. ಕಸೂತಿ ಇರುವುದೆಲ್ಲಿ? ಸೆರಗಿಗೆ ತಾಗಿದ ಒಡಲಿನ ಭಾಗದಲ್ಲೇ ಅಲ್ವಾ? ಅಂದರೆ ಕತ್ತರಿ ಅವ್ವ ಕಸೂತಿಯಲ್ಲಿ ಹಾಕಿದ ತೇರಿನ ಮೇಲೆಯೇ ಹಾಯುತ್ತದೆ. ಕೊಂಡಿ ಸುಮ್ನೆ ಬಿಚ್ಚಿಕೊಂಡಿದ್ದರಿಂದ ಕಥೆಯಲ್ಲಿ ಇಬ್ಬರಿಗೂ ಏನೂ ನಷ್ಟವಾಗಲಿಲ್ಲ. ನಿಜವಾದ ಸೀರೆಯಾಗಿದ್ದರೆ, ಎಲ್ಲಿ ಕತ್ತರಿಸುವುದು ಅಂತ ಇಬ್ಬರೂ ನೆಲದ ಮೇಲೆ ಕೂತು ಬೆರಳಿಟ್ಟು ಅಳೆಯಬೇಕಾಗುತ್ತಿತ್ತು. ಕಸೂತಿಯನ್ನೂ ದಾಟಿ ಗೇಣು ದೂರ ಹೋದರೆ ಅವ್ವನ ಕೈಕೆಲಸವೆಲ್ಲ ಅಕ್ಕನ ಪಾಲು. ತಂಗಿಗೆ ಉಳಿಯುವುದು ಉಡಲು ಬಾರದ, ಕೌದಿಗೆ ಮಾತ್ರ ಆಗುವ ಬಟ್ಟೆ. ಕಥೆ ಬರೆಯಬೇಕಾದ ಜಾಗ ಅದೇ ಆಗಿತ್ತು. ನಾವು ಅದನ್ನು ಹಾರಿ ಹೋದೆವು.

ಎರಡನೆಯದಕ್ಕೆ ಮಾತ್ರ ನಾನು ಲೇಖಕಿಯ ಪರ ನಿಲ್ಲುತ್ತೇನೆ. ಕಥೆ ಹೇಳಿದೆ. ಆದರೆ ಅದನ್ನು ಅಕ್ಕನ ಬಾಯಲ್ಲೂ ಹೇಳಿಸಿಲ್ಲ, ತಂಗಿಯ ಬಾಯಲ್ಲೂ ಹೇಳಿಸಿಲ್ಲ. ಹೊಲಿಗೆಯಲ್ಲಿ ಇಟ್ಟಿದ್ದಾರೆ.

ಅಕ್ಕ ಸೀರೆಯ ಮೇಲಿನ ಅರ್ಧ ತೇರನ್ನು ತೋರಿಸುತ್ತಾಳೆ. "ನೋಡು, ನನ್ನ ಮದುವೆ ಅವಸರದಾಗ ಅರ್ಧಕ್ಕೆ ಬಿಟ್ಟಾಳ" ಎನ್ನುತ್ತಾಳೆ. ತಂಗಿ ಪಕ್ಕದ ಗೋಪುರಗಳನ್ನು ತೋರಿಸುತ್ತಾಳೆ. "ಇಷ್ಟು ನಿಧಾನಕ್ಕ, ಇಷ್ಟು ಚಂದ ಹಾಕಾಕ ಆಕಿಗೆ ಪುರಸೊತ್ತು ಸಿಕ್ಕಿದ್ದು ನನ್ನ ಬಾಣಂತನದಾಗ" ಎನ್ನುತ್ತಾಳೆ. ಅದೇ ಪುಟದಲ್ಲಿ ಇನ್ನೊಂದು ಸಾಲಿದೆ. ಗೋಪುರದ ಹೊಲಿಗೆ ಎಳ್ಳಿನಷ್ಟು, ತೇರಿನ ಹೊಲಿಗೆ ಅಕ್ಕಿಕಾಳಿನಷ್ಟು.

ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುವುದು. ಕರಿ ಬಟ್ಟೆಯ ಮೇಲೆ ಎಳೆ ಎಣಿಸಬೇಕಾದರೆ ಕಣ್ಣು ಚುರುಕಾಗಿರಬೇಕು. ಕಣ್ಣು ಮಂಜಾದಂತೆ ಕೈ ಒಂದೊಂದು ಹೊಲಿಗೆಗೆ ಜಾಸ್ತಿ ಎಳೆ ಹಿಡಿಯುತ್ತದೆ, ಹೊಲಿಗೆ ಉದ್ದವಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಸೆರಗಿನ ಹತ್ತಿರ ಚಿತ್ರ ದೊಡ್ಡದು, ದೂರ ಹೋದಂತೆ ಚಿಕ್ಕದು ಮಾಡುವುದು ವಾಡಿಕೆ. ಹಾಗಾಗಿ ತೇರು ದೊಡ್ಡದು, ಗೋಪುರ ಚಿಕ್ಕದು ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಒಂದೊಂದು ಹೊಲಿಗೆಯ ಉದ್ದವನ್ನು. ಅದಕ್ಕೇ ಲೇಖಕಿ ಎಳ್ಳು, ಅಕ್ಕಿ ಎಂದು ಹೇಳಿದ್ದು.

ಆ ತೇರು ಗವಂತಿ ಎಂಬ ಕಸೂತಿ ಹೊಲಿಗೆಯದು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತಾ ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟದ್ದನ್ನು ತುಂಬುತ್ತದೆ. ಮುಗಿದ ಮೇಲೆ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತದೆ. ಕಥೆಯ ತೇರಿನ ಗಾಲಿ ಬರೀ ತುಂಡು ತುಂಡು ಗೆರೆ. ಸೂಜಿ ಹೋಗಿದೆ, ತಿರುಗಿ ಬಂದಿಲ್ಲ.

ಈಗ ಎರಡನ್ನೂ ಕೂಡಿಸಿ ನೋಡಿ. ಎಳ್ಳಿನ ಹೊಲಿಗೆ ಅವ್ವನ ಕಣ್ಣು ಚೆನ್ನಾಗಿದ್ದ ಕಾಲದ್ದು, ಅಂದರೆ ಅಕ್ಕನ ಮದುವೆಯ ಹೊತ್ತಿನದು. ಅಕ್ಕಿಕಾಳಿನ ಅರ್ಧ ತೇರು ಎಷ್ಟೋ ವರ್ಷ ಆದಮೇಲಿನದು, ತಂಗಿಯ ಬಾಣಂತನದ್ದು. ಅವ್ವ ಇಬ್ಬರಿಗಾಗಿಯೂ ಸೂಜಿ ಹಿಡಿದಿದ್ದಾಳೆ. ಆದರೆ ಅಕ್ಕ ತನ್ನದೆಂದು ತೋರಿಸಿದ್ದು ತಂಗಿಯದು, ತಂಗಿ ತನ್ನದೆಂದು ತೋರಿಸಿದ್ದು ಅಕ್ಕನದು. ಇಬ್ಬರಿಗೂ ಅದು ಕಾಣಲಿಲ್ಲ.

ಇದರಲ್ಲಿ ನನ್ನ ಕೈಯೂ ಇದೆ. "ಕಣ್ಣು ಮಂಜಾದ ಮ್ಯಾಲೆ ಅವ್ವಗ ಎಳಿ ಎಣಿಸಾಕ ಆಗ್ತಿರಲಿಲ್ಲ" ಎಂಬ ಮಾತು ಹಸ್ತಪ್ರತಿಯಲ್ಲಿ ತಂಗಿಯ ಬಾಯಲ್ಲಿತ್ತು. ಅದನ್ನು ತೆಗೆಸಿದ್ದು ನಾನು. ಆ ಮಾತು ಗೊತ್ತಿದ್ದವಳಿಗೆ ತನ್ನ ತಪ್ಪು ಆ ಕ್ಷಣವೇ ತಿಳಿಯಬೇಕಿತ್ತು. ಆಗ ಕಥೆ ಅಲ್ಲೇ ನಿಂತುಹೋಗುತ್ತಿತ್ತು. ಈಗಲೂ ತೆಗೆಸುತ್ತಿದ್ದೆ. ನನ್ನ ಅಮ್ಮ ಹೋದಾಗ ನಾವು ಮೂವರು ಹೆಣ್ಣುಮಕ್ಕಳು ಒಂದು ಮೈಸೂರು ರೇಷ್ಮೆ ಸೀರೆಯನ್ನು ಮಧ್ಯೆ ಇಟ್ಟುಕೊಂಡು ಕೂತಿದ್ದೆವು. ಅಮ್ಮ ಅದನ್ನು ಉಟ್ಟದ್ದು ಯಾವ ಹಬ್ಬಕ್ಕೆ ಅಂತ ಮೂವರೂ ಮೂರು ಹೇಳಿದೆವು. ಮೂವರೂ ಆ ದಿನ ಅಮ್ಮನ ಪಕ್ಕದಲ್ಲೇ ಇದ್ದೆವು ಅಂತಲೂ ಹೇಳಿದೆವು. ಸರಿಪಡಿಸಲು ಅಲ್ಲಿ ಯಾರೂ ಇರಲಿಲ್ಲ.

ನಿಮ್ಮ ಪತ್ರವನ್ನು ಲೇಖಕಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಕತ್ತರಿ ಯಾರ ಕೈಯಲ್ಲಿ ಕೊಡಲಿ?" ಎಂದು ಕೇಳಿದರು. ಕೊನೆಯ ಪುಟವನ್ನು ಮತ್ತೆ ಬರೆಯುತ್ತಿದ್ದಾರೆ. ಮುಂದೆ ಕಥೆ ಸಂಕಲನಕ್ಕೆ ಸೇರುವಾಗ ಹೊಸ ಪುಟವೇ ಇರುತ್ತದೆ.

ಅದಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ನನ್ನ ಅತ್ತೆಯ ಸೀರೆಯಲ್ಲಿ ಕಸೂತಿ ಇಲ್ಲ. ನಿಮ್ಮ ಮನೆಯಲ್ಲಿ ಕಸೂತಿ ಹಾಕಿದ ಹಳೇ ಸೀರೆ ಇದ್ದರೆ, ಕೊಂಡಿಯಿಂದ ಮೊದಲ ಸಾಲಿನವರೆಗೆ ಎಷ್ಟು ಬೆರಳು ಜಾಗ ಇದೆ ಅಂತ ಅಳೆದು ಒಂದು ಕಾರ್ಡು ಬರೆಯುತ್ತೀರಾ?