ಒಂಟಿಯಾಗಿ ಉಳಿದ ಮಗುವಿಗೆ ಟೀಚರ್ ಜೋಡಿಯಾಗಬಹುದೇ?

"ಒಂದನೆಯ ತರಗತಿಯ 23 ಮಕ್ಕಳಿಗೆ ಸಮ ಮತ್ತು ಬೆಸ ಸಂಖ್ಯೆ ಹೇಳಿಕೊಡಬೇಕಾಗಿದೆ. ಬೀಜ, ಕಡ್ಡಿಗಳನ್ನು ಜೋಡಿಸುವ ಬದಲು ಮಕ್ಕಳನ್ನೇ ಜೋಡಿ ಮಾಡಿ ಕುಣಿಸಿದರೆ ಬೇಗ ತಿಳಿಯುತ್ತದೆ ಎನಿಸಿದೆ. ಆದರೆ ಒಂದು ಮಗು ಉಳಿದುಬಿಡುತ್ತದೆ. ಅದಕ್ಕೆ ಬೇಸರವಾಗದಂತೆ ನಾನೇ ಜೋಡಿಯಾಗಿ ನಿಂತರೆ ಸರಿಯೇ?"

ದಯವಿಟ್ಟು ನಿಲ್ಲಬೇಡಿ. ನಾನು ನಿಂತಿದ್ದೆ, ಅದೂ ನೀವು ಹೇಳುತ್ತಿರುವ ಕಾರಣಕ್ಕೇ ನಿಂತಿದ್ದೆ, ಮತ್ತು ಆ ಐದು ನಿಮಿಷದ ಕುಣಿತವನ್ನು ಮಕ್ಕಳ ತಲೆಯಿಂದ ತೆಗೆಯಲು ನನಗೆ ಮೂರು ವಾರ ಹಿಡಿಯಿತು.

ನಮ್ಮದು ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿಕಲಿ ಕೊಠಡಿ. ಆ ದಿನ ಒಂದನೆಯ ತರಗತಿಯವರು 11 ಮಂದಿ ಬಂದಿದ್ದರು. ಕೋಲಾಟವೆಂದರೆ ಜೋಡಿಯ ಕುಣಿತ, ಎದುರಿಗೆ ಒಬ್ಬರಿಲ್ಲದೆ ಅದು ನಡೆಯುವುದೇ ಇಲ್ಲ, ಆದ್ದರಿಂದ ಸಮ ಸಂಖ್ಯೆಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿದೆ ಎಂದು ನಾನು ಹಿಂದಿನ ರಾತ್ರಿಯೇ ಕುಳಿತು ಹಳೆಯ ದಿನಪತ್ರಿಕೆಗಳನ್ನು ಬಿಗಿಯಾಗಿ ಸುತ್ತಿ, ಅಂಟಿಸಿ, ಕೋಲುಗಳನ್ನು ಮಾಡಿಕೊಂಡು ಹೋಗಿದ್ದೆ. (ಆರು ವರ್ಷದ ಮಕ್ಕಳ ಕೈಗೆ ಬಿದಿರಿನ ಕೋಲು ಕೊಡಬೇಡಿ, ಮೊದಲ ಪೆಟ್ಟೇ ಎದುರಿನ ಮಗುವಿನ ಬೆರಳಿಗೆ ಬೀಳುತ್ತದೆ.) ಹೆಜ್ಜೆ ಏನೂ ಇರಲಿಲ್ಲ. ತನ್ನ ಎರಡು ಕೋಲುಗಳನ್ನು ಒಮ್ಮೆ ತಟ್ಟುವುದು, ಎದುರಿನವರ ಬಲಗೋಲಿಗೆ ಒಮ್ಮೆ, ಎಡಗೋಲಿಗೆ ಒಮ್ಮೆ, ಅಷ್ಟೇ. ನಾನು "ಜೋಡಿ!" ಎಂದು ಕೂಗಿದಾಗ ಐದು ಜೋಡಿಗಳು ಕೂಡಲೇ ಆದವು. ಒಬ್ಬ ಹುಡುಗಿ ಮಾತ್ರ ಕಿಟಕಿಯ ಪಕ್ಕದಲ್ಲಿ ಕೋಲು ಹಿಡಿದುಕೊಂಡು ಉಳಿದಳು. ಅವಳ ಕೆಳತುಟಿ ಅದುರುವುದನ್ನು ಕಂಡು ತಡೆಯಲಾರದೆ ನಾನೇ ಎರಡು ಕೋಲು ಎತ್ತಿಕೊಂಡು ಅವಳ ಎದುರು ನಿಂತೆ. ಕುಣಿತ ಚೆನ್ನಾಗಿಯೇ ನಡೆಯಿತು.

ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, "ನೀವು ಹನ್ನೊಂದು ಜನ ಕುಣಿದ್ರಲ್ಲ, ಹನ್ನೊಂದು ಸಮವೋ ಬೆಸವೋ?" ಎಂದು ಕೇಳಿದೆ. "ಸಮ, ಮಿಸ್!" ಎಂದು ಇಡೀ ಗುಂಪು ಒಂದೇ ದನಿಯಲ್ಲಿ ಕೂಗಿತು. ಅಲ್ಲ, ಬೆಸ ಎಂದೆ. ಮುಂದೆ ಕುಳಿತಿದ್ದ ಹುಡುಗ ಎದ್ದು ನಿಂತು, "ಯಾರೂ ಉಳೀಲೇ ಇಲ್ಲವಲ್ಲ ಮಿಸ್?" ಎಂದ. ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ, ಆದ್ದರಿಂದ ಶಿಕ್ಷಕರು ಹೇಳಬಾರದ ಮಾತನ್ನೇ ಹೇಳಿದೆ: "ಪುಸ್ತಕದಲ್ಲಿ ಬೆಸ ಅಂತಾನೇ ಇದೆ, ಕೂತ್ಕೋ."

ಆ ಹುಡುಗನ ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಎಲ್ಲರಿಗೂ ಜೋಡಿ ಸಿಕ್ಕು ಯಾರೂ ಉಳಿಯದಿದ್ದರೆ ಸಮ ಎಂದು ನಾನೇ ಹೇಳಿಕೊಟ್ಟಿದ್ದೆ. ಅವನ ಕಣ್ಣೆದುರು ಆರು ಜೋಡಿಗಳು ಕುಣಿದಿದ್ದವು, ಅಂದರೆ ಅವನು ನೋಡಿದ್ದು 12, ಮತ್ತು 12 ಸಮವೇ. ನಾನು ಮಾತ್ರ ಹಾಜರಿ ಪುಸ್ತಕದಲ್ಲಿದ್ದ 11ನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪ್ರಶ್ನೆ ಕೇಳಿದ್ದೆ. ಶಿಕ್ಷಕರಾದ ನಾವು ತರಗತಿಯನ್ನು ಎಣಿಸುವಾಗ ನಮ್ಮನ್ನು ಬಿಟ್ಟೇ ಎಣಿಸುತ್ತೇವೆ, ಆ ಅಭ್ಯಾಸ ನಮಗೆ ಕಾಣಿಸುವುದೂ ಇಲ್ಲ. ಮಗುವಿಗೆ ಹಾಗಲ್ಲ, ಯಾರ ಕೈಯಲ್ಲಿ ಕೋಲಿದೆಯೋ ಅವರೆಲ್ಲ ಲೆಕ್ಕಕ್ಕೆ ಸೇರಿದವರು. ನಾನು ಯಾರಿಗೂ ಹೇಳದೆ ಸಂಖ್ಯೆಯನ್ನೇ ಬದಲಾಯಿಸಿ, ಆಮೇಲೆ ಹಳೆಯ ಸಂಖ್ಯೆಯ ಬಗ್ಗೆ ಕೇಳಿದ್ದೆ.

ಇಷ್ಟೇ ಆಗಿದ್ದರೆ ಮರುದಿನ ತಿದ್ದಬಹುದಿತ್ತು. ನಿಜವಾದ ಪೆಟ್ಟು ತಿಳಿದದ್ದು ವಾರದ ನಂತರ ಹುಣಸೆ ಬೀಜಗಳನ್ನು ಹಂಚಿದಾಗ. ಒಬ್ಬನಿಗೆ 7 ಬೀಜ ಬಂದಿದ್ದವು. ಮೂರು ಜೋಡಿ ಮಾಡಿದ, ಒಂದು ಉಳಿಯಿತು. ಅವನು ಸ್ವಲ್ಪ ಹೊತ್ತು ನೋಡಿ, ಪಕ್ಕದವಳ ರಾಶಿಯಿಂದ ಮೆಲ್ಲಗೆ ಒಂದು ಬೀಜ ತೆಗೆದು ತನ್ನ ಒಂಟಿ ಬೀಜದ ಪಕ್ಕಕ್ಕಿಟ್ಟು, "ಏಳು ಸಮ ಆಯ್ತು ಮಿಸ್" ಎಂದ. ಅವನು ಕದ್ದದ್ದಲ್ಲ, ನಾನು ಮಾಡಿ ತೋರಿಸಿದ್ದನ್ನೇ ಮಾಡಿದ್ದ. ಬೆಸ ಎನ್ನುವುದು ಆ ಸಂಖ್ಯೆಯ ಗುಣ ಎಂದು ಅವರು ಕಲಿಯಲಿಲ್ಲ. ಅದೊಂದು ಕೊರತೆ, ಯಾರಾದರೂ ಬಂದು ತುಂಬಿಕೊಡಬೇಕಾದ ಜಾಗ ಎಂದು ಕಲಿತಿದ್ದರು. ನಮ್ಮ ಹಳೆಯ ಆಟದ ಮಾತೂ ಇದಕ್ಕೆ ಸೇರಿಕೊಂಡಿತು. ಮುಷ್ಟಿಯಲ್ಲಿ ಬೀಜ ಮುಚ್ಚಿ "ಸರಿಯೋ ಬೆಸವೋ" ಎಂದು ಕೇಳುವ ಆಟ ಮನೆಯಲ್ಲಿ ಅಜ್ಜಿಯರಿಂದ ಕೆಲವರಿಗೆ ಗೊತ್ತಿತ್ತು, ಮತ್ತು ಸರಿ ಎಂದರೆ ಸರಿಯಾದದ್ದು, ಹಾಗಾದರೆ ಬೆಸ ಎಂದರೆ ತಪ್ಪು ಎಂದು ಅವರು ತಾವೇ ಅರ್ಥ ಮಾಡಿಕೊಂಡಿದ್ದರು. ಅಂದಿನಿಂದ ನಾನು ಆಟವನ್ನು ಉಳಿಸಿಕೊಂಡು, ಮಾತನ್ನು "ಸಮವೋ ಬೆಸವೋ" ಎಂದು ಬದಲಿಸಿಕೊಂಡೆ.

ಈಗ ಬೇಸರದ ವಿಷಯ. ಉಳಿದದ್ದಕ್ಕೆ ಮಗುವಿಗೆ ಬೇಸರವಾಗುತ್ತದೆ ಎಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ. ಮಾಡಲು ಏನೂ ಇಲ್ಲದೆ ನಿಂತದ್ದಕ್ಕೆ ಅದಕ್ಕೆ ಬೇಸರ. ನಡುವೆ ನಿಂತು ತಾಳ ಹಾಕುವವರು ಕೋಲಾಟಕ್ಕೆ ಬೇಕೇ ಬೇಕು. ಉಳಿದ ಮಗುವನ್ನು ವೃತ್ತದ ನಡುವೆ ನಿಲ್ಲಿಸಿ ಕೈಗೆ ಒಂದು ಜೊತೆ ತಾಳ ಕೊಡಿ, ತಾಳವಿಲ್ಲದಿದ್ದರೆ ಸ್ಟೀಲ್ ತಟ್ಟೆ ಮತ್ತು ಚಮಚ ಸಾಕು. ಆದರೆ ಆ ಮಗುವನ್ನು ಲೆಕ್ಕದಿಂದ ಬಿಡಬಾರದು, ಮತ್ತು "ಇವಳು ಬೆಸ" ಎಂದು ಅಪ್ಪಿತಪ್ಪಿಯೂ ಹೇಳಬಾರದು. "ನಾವು ಹನ್ನೊಂದು ಜನ, ನಮ್ಮ ಗುಂಪು ಬೆಸ" ಎಂದೇ ಪ್ರತಿಬಾರಿ ಹೇಳಿಸಬೇಕು. ಇಲ್ಲದಿದ್ದರೆ 7 ಬೀಜಗಳನ್ನು ತೋರಿಸಿದಾಗ "ಆರು ಸಮ, ಒಂದು ಬೆಸ" ಎಂಬ ಉತ್ತರ ಬರುತ್ತದೆ, ಮತ್ತು ಬರುಬರುತ್ತಾ ಆ ಮಗುವಿಗೆ ಅದೇ ಅಡ್ಡಹೆಸರಾಗುತ್ತದೆ.

ತಾಳ ಬಂದ ಮೇಲೆ ನನಗೆ ತಿರುಗುಮುರುಗಾದ ತೊಂದರೆ ಬಂತು: ಎಲ್ಲರೂ ಉಳಿಯಲು ಹವಣಿಸತೊಡಗಿದರು. ಒಂದು ದಿನ 12 ಮಂದಿ ಇದ್ದಾಗ ಇಬ್ಬರು ಜೋಡಿಯಾಗದೆ ದೂರ ನಿಂತು ತಾಳಕ್ಕಾಗಿ ಕೈ ಚಾಚಿದರು. ಇನ್ನೊಂದು ದಿನ 7 ಹುಡುಗರು ಮತ್ತು 5 ಹುಡುಗಿಯರು ತಮ್ಮ ತಮ್ಮಲ್ಲೇ ಜೋಡಿಯಾಗಿ, ಒಬ್ಬ ಹುಡುಗ ಮತ್ತು ಒಬ್ಬಳು ಹುಡುಗಿ ಉಳಿದು ಮುಖ ತಿರುಗಿಸಿ ನಿಂತರು. ಇದು ಪಾಠಕ್ಕೆ ಬಂದ ಅಡ್ಡಿ ಎಂದು ಗದರಲು ಹೋಗಬೇಡಿ. "ಇಬ್ಬರು ಉಳಿದಿದ್ದಾರೆ, ಏನು ಮಾಡಬಹುದು?" ಎಂದು ಜೋಡಿಯಾದವರನ್ನು ಕೇಳಿ. ಇಬ್ಬರು ಉಳಿದರೆ ಅವರೇ ಒಂದು ಜೋಡಿ, ಆದ್ದರಿಂದ ಕೊನೆಗೆ ಉಳಿಯುವುದು ಒಬ್ಬರು ಇಲ್ಲವೇ ಯಾರೂ ಇಲ್ಲ, ಮೂರನೆಯ ಸಾಧ್ಯತೆಯೇ ಇಲ್ಲ ಎಂಬುದು ಸಮ-ಬೆಸದ ಒಟ್ಟು ಸಾರ, ಮತ್ತು ಅದನ್ನು ಮಕ್ಕಳೇ ಹೇಳುತ್ತಾರೆ. ಕೋಲಾಟದಲ್ಲಿ ಕೈ ಹಿಡಿಯಬೇಕಾಗಿಲ್ಲ, ಕೋಲು ತಟ್ಟಿದರೆ ಸಾಕು, ಹಾಗಾಗಿ ಆ ಹುಡುಗ ಹುಡುಗಿಯ ಜಗಳವೂ ಬೇಗ ಮುಗಿಯುತ್ತದೆ.

ಬೀಜಗಳ ಬದಲು ಕುಣಿತ ಎಂಬ ನಿಮ್ಮ ಯೋಚನೆಯೂ ನನಗೆ ಸರಿ ಕಾಣುವುದಿಲ್ಲ. ಕುಣಿಯುವ ಮಗು ಗುಂಪಿನ ಒಳಗೇ ಇರುತ್ತದೆ, ಅದಕ್ಕೆ ಎದುರಿನವರು ಮಾತ್ರ ಕಾಣುತ್ತಾರೆ. "ನಂಗೆ ಜೋಡಿ ಇದೆ, ಅದಕ್ಕೇ ಸಮ" ಎಂದು ನಮ್ಮಲ್ಲಿ ಎಷ್ಟೋ ಮಕ್ಕಳು ಹೇಳಿದ್ದಾರೆ. ಬೀಜಗಳನ್ನಾದರೆ ಮೇಲಿನಿಂದ ಒಟ್ಟಾಗಿ ನೋಡಬಹುದು. ಆದ್ದರಿಂದ ಮೊದಲ ನಾಲ್ಕೈದು ದಿನ ಬೀಜಗಳಲ್ಲೇ ಕಳೆಯಿರಿ. 30 ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಆರು ಸಾಲು, ಸಾಲಿಗೆ ಐದು ಗುಳಿ ಇರುತ್ತವೆ. ಅದನ್ನು ಎರಡೆರಡು ಸಾಲಿನಂತೆ ಕತ್ತರಿಸಿದರೆ ಹತ್ತು ಗುಳಿಗಳ ಮೂರು ತುಂಡು ಸಿಗುತ್ತವೆ, ಒಂದು ಮಗುವಿಗೆ ಒಂದು ತುಂಡು. ಹತ್ತರೊಳಗೆ ಬೀಜ ಕೊಟ್ಟು, ಗುಳಿಗೊಂದರಂತೆ ಇಡಲು ಹೇಳಿ. ಇಲ್ಲಿ ಒಂದು ಕಡೆ ಕಣ್ಣಿಟ್ಟಿರಬೇಕು: ಮಕ್ಕಳು ಒಂದು ಬದಿಯ ಐದನ್ನೂ ಮೊದಲು ತುಂಬಿಬಿಡುತ್ತಾರೆ. ಆಗ 6 ಬೀಜಗಳು ಒಂದು ಬದಿಗೆ ಐದು, ಇನ್ನೊಂದು ಬದಿಗೆ ಒಂದು ಎಂದಾಗಿ, ನಾಲ್ಕು ಒಂಟಿ ಬೀಜ ಕಾಣುತ್ತವೆ. ಎದುರುಬದುರಿನ ಎರಡು ಗುಳಿ ತುಂಬಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು ಎಂಬುದನ್ನು ಕೈ ಹಿಡಿದು ಮಾಡಿಸಿ.

ಹಾಗಾದರೆ ಕುಣಿತ ಏಕೆ ಬೇಕು? ಬೀಜಗಳೆಲ್ಲ ಒಂದೇ ಥರ, ಯಾವುದು ಉಳಿಯಿತು ಎಂದು ಮಗು ನೋಡುವುದಿಲ್ಲ. ಮಕ್ಕಳಿಗೆ ಮುಖವಿದೆ, ಹೆಸರಿದೆ. "ಬಿಡಿ!" ಎಂದಾಗ ಚದುರಿ ಓಡಾಡಿ, "ಜೋಡಿ!" ಎಂದಾಗ ಹೊಸಬರನ್ನು ಹುಡುಕಿಕೊಳ್ಳುವಂತೆ ನಾಲ್ಕು ಸಲ ಮಾಡಿಸಿ. ನಾಲ್ಕು ಸಲವೂ ಬೇರೆ ಬೇರೆ ಮಗು ನಡುವಿಗೆ ಬರಬಹುದು, ಆದರೆ ಪ್ರತಿಸಲ ಒಬ್ಬರೇ. ಉಳಿಯುವುದು ಆ ಮಗುವಿನ ದೋಷವಲ್ಲ, 11ರ ಗುಣ ಎಂಬುದು ಇಲ್ಲಿ ಮಾತ್ರ ಕಣ್ಣಿಗೆ ಕಾಣುತ್ತದೆ. ನಾನು ಅಂದು ಕೋಲು ಹಿಡಿದು ಅಳಿಸಿಹಾಕಿದ್ದು ಇದನ್ನೇ. ಕುಣಿತ ನಿಂತ ಕೂಡಲೇ ಜೋಡಿಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡು ಸಾಲು ಚೌಕಗಳಲ್ಲಿ, ಮೊಟ್ಟೆ ಟ್ರೇಯಂತೆಯೇ ಕೂರಿಸಿ.

ಇದೆಲ್ಲ ಗಟ್ಟಿಯಾದ ಮೇಲೆ ನೀವು ಧಾರಾಳವಾಗಿ ಸೇರಿಕೊಳ್ಳಬಹುದು, ಆದರೆ ಕೋಲು ಎತ್ತುವ ಮೊದಲು ಕೇಳಿ: "ಈಗ ನಾನೂ ಬಂದರೆ ನಾವು ಎಷ್ಟು ಜನ?" ನಮ್ಮಲ್ಲಿ "ಹನ್ನೆರಡು" ಎಂದು ಬಂದ ಮೇಲೆಯೇ ನಾನು ವೃತ್ತದೊಳಗೆ ಕಾಲಿಡುತ್ತಿದ್ದೆ. ಮುಂದಿನ ವಾರ ಎರಡನೆಯ ತರಗತಿಯ 7 ಮಂದಿಯನ್ನೂ ಕರೆದೆ. ಅವರಲ್ಲೊಬ್ಬ ಉಳಿದ, ನಮ್ಮವರಲ್ಲೊಬ್ಬಳು ಉಳಿದಳು, ಇಬ್ಬರೂ ತಾಳ ಕೆಳಗಿಟ್ಟು ಜೋಡಿಯಾದರು, 18 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಬೆಸಕ್ಕೆ ಬೆಸ ಕೂಡಿದರೆ ಸಮ ಎಂಬ ಸೂತ್ರವನ್ನು ನಾನು ಬಾಯಿಬಿಟ್ಟು ಹೇಳಲೂ ಇಲ್ಲ.

ಕೊನೆಯ ಅಂಕಿ 0, 2, 4, 6, 8 ಇದ್ದರೆ ಸಮ ಎಂದು ಮೊದಲೇ ಬಾಯಿಪಾಠ ಮಾಡಿಸಬೇಡಿ. ಅದನ್ನು ಕಲಿತ ಮಗು ಬೀಜ ಮುಟ್ಟುವುದನ್ನೇ ಬಿಡುತ್ತದೆ. ಗೋಡೆಗೆ ಎರಡು ಹಾಳೆ ಅಂಟಿಸಿ, ದಿನವೂ ಹಾಜರಿಯ ಸಂಖ್ಯೆಯನ್ನು ಕುಣಿದು ನೋಡಿದ ನಂತರ ಸಮದ ಹಾಳೆಗೋ ಬೆಸದ ಹಾಳೆಗೋ ಬರೆಸಿ. ನಿಮ್ಮಲ್ಲಿ 23 ಮಂದಿ ಇರುವುದರಿಂದ ಒಬ್ಬರು ತಪ್ಪಿಸಿಕೊಂಡರೆ 22, ಇಬ್ಬರಾದರೆ 21, ಹೀಗೆ ಎರಡೂ ಹಾಳೆಗಳು ತಾವಾಗಿಯೇ ತುಂಬುತ್ತವೆ. ನಮ್ಮ ಗೋಡೆಯ ಮುಂದೆ ನಿಂತು, "ಮಿಸ್, ಈ ಹಾಳೆಯಲ್ಲಿ ಏಳು, ಒಂಬತ್ತು, ಹನ್ನೊಂದು ಇದೆ, ನಡುವಿನವೆಲ್ಲ ಆ ಹಾಳೆಗೆ ಹೋಗಿವೆ" ಎಂದು ಮೊದಲು ಹೇಳಿದವಳು ಆ ದಿನ ಕಿಟಕಿಯ ಪಕ್ಕದಲ್ಲಿ ಉಳಿದಿದ್ದ ಹುಡುಗಿ.