ಸಪ್ಲೈಯರ್‌ಗಳಿಗೆ ಹೊಸಬರನ್ನು ಪರಿಚಯಿಸುವ ಮೇಲ್

"ನಾನು ಪರ್ಚೇಸ್‌ನಿಂದ ಬೇರೆ ವಿಭಾಗಕ್ಕೆ ಹೋಗುತ್ತಿದ್ದೇನೆ. ನನ್ನ ಜಾಗಕ್ಕೆ ಬಂದವರನ್ನು ಮುಖ್ಯ ಸಪ್ಲೈಯರ್‌ಗಳಿಗೆ ಪರಿಚಯಿಸುವ ಮೇಲ್ ಹೇಗೆ ಬರೆಯಲಿ? ಆರ್ಡರ್ ಎಲ್ಲೂ ನಿಲ್ಲಬಾರದು."

ಎಲ್ಲರಿಗೂ ಸೇರಿಸಿ ಒಂದೇ ಮೇಲ್ ಹಾಕಬೇಡಿ. ಒಂದೇ ಮಾಲು ಕೊಡುವ ಇಬ್ಬರ ವಿಳಾಸ ಅಕ್ಕಪಕ್ಕ ಕಂಡರೆ ಮುಂದಿನ ರೇಟ್ ಮಾತುಕತೆ ಕೆಡುತ್ತದೆ. ಅದೂ ಅಲ್ಲದೆ ಒಬ್ಬೊಬ್ಬರ ಜೊತೆ ಬಾಕಿ ಲೆಕ್ಕ ಒಂದೊಂದು ಥರ ಇರುತ್ತದೆ. ಪರಿಚಯಕ್ಕೆ ಎರಡು ಸಾಲು ಸಾಕು, ಉಳಿದದ್ದೆಲ್ಲ ಆ ಲೆಕ್ಕವೇ ಇರಲಿ.

ನಾನು ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ನಮಗೆ ಕಾಸ್ಟಿಂಗ್ ಬರೋದು ಬೆಳಗಾವಿಯ ಫೌಂಡ್ರಿಯಿಂದ. ಅಂಥದ್ದೇ ಒಂದು ಫೌಂಡ್ರಿಗೆ ನೀವು 500 ಪೀಸಿಗೆ ಪಿಒ ಕೊಟ್ಟಿದ್ದೀರಿ, 320 ಬಂದಿದೆ, ಅದರಲ್ಲಿ 12 ಪೀಸು ತೂತು ಬಿದ್ದು ರಿಜೆಕ್ಟ್ ಆಗಿ ವಾಪಸ್ ಹೋಗಿದೆ ಅಂತಿಟ್ಟುಕೊಳ್ಳಿ. ಆ 12ಕ್ಕೆ ಬದಲಿ ಕಳಿಸ್ತೀವಿ ಅಂತ ಅವರು ಫೋನಿನಲ್ಲಿ ಒಪ್ಪಿದ್ದಾರೆ. ಇದು ನಿಮ್ಮ ತಲೆಯಲ್ಲಿದೆ, ಸಿಸ್ಟಮ್‌ನಲ್ಲಿಲ್ಲ. ಹೊಸಬರು 192 ಬರಬೇಕು ಅಂತಾರೆ, ಫೌಂಡ್ರಿಯವರು 180 ಅಂತಾರೆ. ಜಗಳ ಶುರುವಾಗೋದೇ ಇಲ್ಲಿ. ಎರಕದ ಅಚ್ಚು ತೆಗೆಯಲು ನಿಮ್ಮ ದುಡ್ಡಿನಲ್ಲಿ ಮಾಡಿಸಿದ ಪ್ಯಾಟರ್ನ್ ಅವರ ಶೆಡ್ಡಿನಲ್ಲಿದ್ದರೆ ಅದನ್ನೂ ಬರೆಯಿರಿ. ಬಹಳ ಜನ ಮರೆಯೋದು ಅದನ್ನೇ.

ಮೇಲ್ ಹೆಚ್ಚುಕಡಿಮೆ ಹೀಗಿರಲಿ:

"ನಮಸ್ಕಾರ ಸರ್. ಸೋಮವಾರದಿಂದ ನಿಮ್ಮ ಆರ್ಡರ್‌ಗಳನ್ನು ಸಿಸಿಯಲ್ಲಿರುವ ನನ್ನ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ. ಪಿಒಗೆ ಸಹಿ ಮಾಡುವವರು ಮೊದಲಿನವರೇ. ಈಗಿನ ಪಿಒದಲ್ಲಿ 180 ಬಾಕಿ, ರಿಜೆಕ್ಟ್ ಆದ 12ಕ್ಕೆ ಬದಲಿ ಸೇರಿ ಒಟ್ಟು 192 ಪೀಸು ಬರಬೇಕು. ಮುಂದಿನ ಲಾಟ್ 20ನೇ ತಾರೀಕಿಗೆ. ಎರಡು ಪ್ಯಾಟರ್ನ್ ನಿಮ್ಮಲ್ಲಿವೆ, ಅವು ನಮ್ಮವು. ರೇಟ್, ಪೇಮೆಂಟ್ ಅವಧಿ, ಜಿಎಸ್‌ಟಿ ನಂಬರ್, ಬಿಲ್ಲಿಂಗ್ ವಿಳಾಸ ಯಾವುದೂ ಬದಲಾಗಿಲ್ಲ. ಲೆಕ್ಕ ಸರಿಯಿದೆಯೇ ಅಂತ ದಯವಿಟ್ಟು ಉತ್ತರಿಸಿ."

ಕೊನೆಯ ಸಾಲನ್ನು ಬಿಡಬೇಡಿ. ಅವರು "ಸರಿ" ಅಂತ ಬರೆದರೆ ಫೋನಿನ ಮಾತಿಗೂ ದಾಖಲೆ ಸಿಕ್ಕ ಹಾಗೆ.

ಮೇಲ್ ನಿಮ್ಮ ಹಳೆಯ ಐಡಿಯಿಂದಲೇ ಹೋಗಬೇಕು, ಹೋಗುವ ಮೊದಲು ಒಂದು ಫೋನ್ ಮಾಡಿ. ಗೊತ್ತಿಲ್ಲದವರು "ಇನ್ನು ಮುಂದೆ ನಾನೇ" ಅಂತ ಬರೆದರೆ ಯಾರಿಗಾದರೂ ಮೋಸದ ಮೇಲ್ ಅನ್ನಿಸುತ್ತದೆ, ಅನ್ನಿಸಲೂಬೇಕು. ಹೊಸಬರು ಅದೇ ಮೇಲ್‌ಗೆ ರಿಪ್ಲೈ ಆಲ್ ಮಾಡಿ ತಮ್ಮ ನಂಬರ್ ಕೊಡಲಿ. ಹೊಸಬರಿಗೂ ಒಂದು ಮಾತು ಹೇಳಿಡಿ: ಸಪ್ಲೈಯರ್ ಹೆಸರಿನಲ್ಲಿ "ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಮೇಲ್ ಬಂದರೆ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳದೆ ಅಕೌಂಟ್ಸ್‌ಗೆ ಕಳಿಸಬಾರದು.

ಪೇಮೆಂಟ್ ವಿಷಯದಲ್ಲಿ ಇನ್ನೊಂದಿದೆ. ಆ ಫೌಂಡ್ರಿ ಉದ್ಯಮ್ ನೋಂದಣಿ ಇರುವ ಸಣ್ಣ ಘಟಕವಾದರೆ, ಮಾಲು ಒಪ್ಪಿಕೊಂಡ ಮೇಲೆ 45 ದಿನಕ್ಕಿಂತ ಜಾಸ್ತಿ ಕಾಯಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಬಿಲ್ಲು ನಿಮ್ಮ ಇನ್‌ಬಾಕ್ಸಿನಲ್ಲೇ ಕೂತರೆ ಆ ದಿನಗಳು ಸುಮ್ನೆ ಕಳೆಯುತ್ತವೆ. ಬಿಲ್ ಕಳಿಸಲು ವಿಭಾಗದ ಕಾಮನ್ ಐಡಿ ಕೊಡಿ. ನಿಮ್ಮ ಕಾಲದ ಕೊನೆಯ ಪಿಒ ಮುಗಿಯುವ ತನಕ ನಿಮ್ಮ ಮೇಲ್ ಹೊಸಬರಿಗೆ ಫಾರ್ವರ್ಡ್ ಆಗುತ್ತಿರಲಿ.